ರೊಟ್ಟಿ ಆತೇನ್ರಿ?

ಧಾರವಾಡದ ಸಪ್ತಾಪುರದಲ್ಲಿ ನಾನು ದಿನಾ ಉಣ್ಣುವ ಖಾನಾವಳಿಗೆ ಒಂದು ಆ್ಯಪ್ ಮಾಡಿಕೊಟ್ಟೆ. ಯಾರೂ ಕೇಳಿರಲಿಲ್ಲ. ಎರಡು ತಿಂಗಳ ಊಟದ ಬಾಕಿ ಇತ್ತು, ರೊಕ್ಕದ ಬದಲು ವಿದ್ಯೆ ಕೊಟ್ಟು ಮುಗಿಸೋಣ ಎನ್ನುವುದು ನನ್ನ ಲೆಕ್ಕ. ಉಣ್ಣುವ ಹುಡುಗರು 40 ಮಂದಿ. ಇವತ್ತು ಪಲ್ಯ ಯಾವುದು, ರೊಟ್ಟಿ ಉಳಿದಾವೋ ಇಲ್ಲವೋ ಎಂದು ಕೇಳಿ ತಿಳಿಯಲು ಅದರಲ್ಲೊಂದು ಚಾಟ್. ವಾಟ್ಸಾಪ್ ಗ್ರೂಪ್ ಸಾಕಿತ್ತಲ್ಲ ಎನ್ನುತ್ತೀರಿ. ಖಾನಾವಳಿ ಅಕ್ಕಾರೂ ಅದನ್ನೇ ಅಂದಿದ್ದರು.

ಮೊದಲು ಮಾಡಿದ್ದು ಪೋಲಿಂಗ್. ಆ್ಯಪ್ ತೆರೆದಿರುವಷ್ಟು ಹೊತ್ತೂ ಎರಡು ಸೆಕೆಂಡಿಗೊಮ್ಮೆ ಫೋನು ಸರ್ವರ್ ಬಾಗಿಲಿಗೆ ಹೋಗಿ 'ಏನರ ಬಂದೈತೇನು?' ಎಂದು ಕೇಳಬೇಕು. ಹಸಿದವನು ಅಡುಗೆಮನೆಗೆ ಹಣಿಕಿ ಹಾಕಿ 'ರೊಟ್ಟಿ ಆತೇನ್ರಿ?' ಎನ್ನುವ ಹಾಗೆ. ರಾತ್ರಿ ಊಟದ ಹೊತ್ತಿಗೆ 40 ಮಂದಿ ನಿಮಿಷಕ್ಕೆ 1,200 ಸಲ ಹಣಿಕಿ ಹಾಕಿದರು.

ಮೂರನೆಯ ದಿನ ಒಬ್ಬ ಹುಡುಗ ಬಂದ. "ಸರ, ನಿಮ್ಮ ಆ್ಯಪ್ ತಗದ್ರ ಫೋನು ಇಸ್ತ್ರಿಪೆಟ್ಟಿಗಿ ಆಗಾಕತ್ತೈತ್ರಿ."

ತಪ್ಪೆಲ್ಲ ಪೋಲಿಂಗಿನದು ಎಂದು ಆ ಕ್ಷಣವೇ ತೀರ್ಪು ಕೊಟ್ಟೆ. ನನ್ನ ಕೋಡನ್ನು ತೆರೆದು ನೋಡುವ ಯೋಚನೆ ಬರಲಿಲ್ಲ. ನೋಡಿದ್ದರೆ, ಪ್ರತಿ ಸಲವೂ ಹೊಸ ಸಂದೇಶ ಕೇಳುವ ಬದಲು ಮೊದಲ ದಿನದಿಂದ ಇವತ್ತಿನವರೆಗಿನ ಅಷ್ಟನ್ನೂ ತರಿಸುತ್ತಿದ್ದೆ ಎಂಬುದು ಕಾಣುತ್ತಿತ್ತು. ಒಂದು ಸಲಕ್ಕೆ ಸುಮಾರು 30 ಕೆಬಿ. ಆ್ಯಪನ್ನು ಒಂದು ತಾಸು ತೆರೆದಿಟ್ಟವನಿಗೆ 54 ಎಂಬಿ ಡೇಟಾ ಖರ್ಚು, ಅಷ್ಟರಲ್ಲಿ ಹೊಸದಾಗಿ ಬಂದ ಸುದ್ದಿ 'ಝುಣಕಾ ಮುಗೀತು'.

ನಾನು ನೇರ ವೆಬ್‌ಸಾಕೆಟ್ಟಿಗೆ ಹಾರಿದೆ. ಇದರಲ್ಲಿ ಪದೇ ಪದೇ ಕೇಳುವ ಗೋಜಿಲ್ಲ. ಫೋನು ಒಮ್ಮೆ ಕೈಕುಲುಕಿದರೆ ಸರ್ವರ್ 101 ಎಂದು ಉತ್ತರಿಸಿ ಲೈನನ್ನು ತೆರೆದೇ ಇಡುತ್ತದೆ. ಸುದ್ದಿ ಬಂದಾಗ ತಾನೇ ಕೂಗಿ ಹೇಳುತ್ತದೆ. ನನ್ನ ಲ್ಯಾಪ್‌ಟಾಪಿನಲ್ಲಿ ಹೂವಿನ ಹಾಗೆ ನಡೆಯಿತು. ಸರ್ವರಿಗೆ ಏರಿಸಿದ ಮೇಲೆ, ಯಾರೂ ಮಾತಾಡದಿದ್ದರೆ ಲೈನು ಹರಿಯತೊಡಗಿತು. ನೆಟ್‌ವರ್ಕನ್ನು ಬೈದೆ, ಮಳೆಯನ್ನು ಬೈದೆ. ಎರಡು ರಾತ್ರಿ ಕಳೆದ ಮೇಲೆ ಗಡಿಯಾರ ಹಿಡಿದು ಕೂತಾಗ ಗೊತ್ತಾಯಿತು: ಪ್ರತಿ ಸಲವೂ ಸರಿಯಾಗಿ 60 ಸೆಕೆಂಡಿಗೆ ಹರಿಯುತ್ತಿದೆ. ನೆಟ್‌ವರ್ಕ್ ಕೆಟ್ಟರೆ ಹೊತ್ತು ನೋಡಿಕೊಂಡು ಕೆಡುವುದಿಲ್ಲ. ಮುಂದೆ ಕೂತಿದ್ದ ಎನ್‌ಜಿನ್‌ಎಕ್ಸ್, ಒಳಗಿನಿಂದ ಒಂದು ನಿಮಿಷ ಸದ್ದೇ ಇಲ್ಲದಿದ್ದರೆ ಲೈನು ಕತ್ತರಿಸುತ್ತದೆ. `proxy_read_timeout` ಎಂಬುದರ ಮೂಲ ಬೆಲೆಯೇ 60 ಸೆಕೆಂಡು. ಸರ್ವರ್ ಅರ್ಧ ನಿಮಿಷಕ್ಕೊಮ್ಮೆ ಒಂದು ಪಿಂಗ್ ಕಳಿಸುವ ಹಾಗೆ ಮಾಡಿದೆ. ಸುಮ್ಮನೆ 'ಹೂಂ' ಅನ್ನುತ್ತಿದ್ದರೆ ಸಾಕು, ಲೈನು ಉಳಿಯುತ್ತದೆ.

ಗೆದ್ದೆ ಎಂದುಕೊಂಡ ವಾರವೇ ಅಕ್ಕಾರು ಒಂದು ಸಂಜೆ 'ಇವತ್ತ ರಾತ್ರಿ ಖಾನಾವಳಿ ಬಂದ್' ಎಂದು ಬರೆದರು. ಹುಬ್ಬಳ್ಳಿಯಿಂದ ಚಿಗರಿ ಬಸ್ಸಿನಲ್ಲಿ ಬರುತ್ತಿದ್ದ ಆರು ಹುಡುಗರಿಗೆ ಅದು ಮುಟ್ಟಲೇ ಇಲ್ಲ. ನವನಗರದ ಹತ್ತಿರ ಎಲ್ಲೋ ಅವರ ನೆಟ್‌ವರ್ಕ್ ಹೋಗಿ, ಲೈನು ಹರಿದು, ಮತ್ತೆ ಕೂಡಿತ್ತು. ನನ್ನ ಸರ್ವರ್ ಆ ಹೊತ್ತಿಗೆ ಲೈನಿನಲ್ಲಿದ್ದವರಿಗೆ ಮಾತ್ರ ಕೂಗಿ ಸುಮ್ಮನಾಗಿತ್ತು. ಆಮೇಲೆ ಬಂದವರಿಗೆ ಮತ್ತೆ ಹೇಳು ಎಂದು ನಾನು ಅದಕ್ಕೆ ಕಲಿಸಿರಲಿಲ್ಲ. ಬೀಗ ಹಾಕಿದ ಬಾಗಿಲ ಮುಂದೆ ಆರು ಮಂದಿ, ನಡುವೆ ನಾನು.

"ಸರ, ಫೋನು ಈಗ ತಣ್ಣಗ ಐತ್ರಿ," ಎಂದ ಅದೇ ಹುಡುಗ, "ಹೊಟ್ಟಿ ಬಿಸಿ ಆಗೇತಿ."

ಅದಕ್ಕೆ ಮದ್ದು ಇಷ್ಟೆ: ಲೈನು ಮತ್ತೆ ಕೂಡಿದ ಕೂಡಲೇ, ತನ್ನ ಹತ್ತಿರವಿರುವ ಕೊನೆಯ ಸಂದೇಶದ ಸಂಖ್ಯೆ ಹೇಳಿ, ಅದರ ನಂತರದ್ದನ್ನು ಫೋನು ಕೇಳಿ ಪಡೆಯಬೇಕು.

```
GET /messages?after=812
```

ಈ ಒಂದು ಸಾಲನ್ನು ಬರೆದು ಮುಗಿಸಿದಾಗ ಕೈ ನಿಂತಿತು. ಇದು ಪೋಲಿಂಗೇ. ಮೊದಲ ದಿನವೇ ಹೀಗೆ ಕೇಳಿದ್ದರೆ, ಹೊಸದೇನೂ ಇಲ್ಲದಾಗ ಬರುವ ಉತ್ತರ ಎರಡು ಅಕ್ಷರದ ಖಾಲಿ ಆವರಣ, `[]`. ಎರಡು ಸೆಕೆಂಡಿನ ಬದಲು 15 ಸೆಕೆಂಡಿಗೊಮ್ಮೆ ಕೇಳಿದರೆ 40 ಮಂದಿಯಿಂದ ನಿಮಿಷಕ್ಕೆ 160 ಸಲ. ಬಡ ಸರ್ವರ್ ಕೂಡ ಆಕಳಿಸುತ್ತಾ ಹೊರುವಷ್ಟು. ಇಬ್ಬರು ಎದುರುಬದುರು ಹರಟುವ ಚಾಟ್ ಆಗಿದ್ದರೆ 15 ಸೆಕೆಂಡು ತಡ ಸಹಿಸಲಾಗದು, ಅಲ್ಲಿ ವೆಬ್‌ಸಾಕೆಟ್ಟೇ ಬೇಕು. ಪಲ್ಯದ ಸುದ್ದಿಗೆ ಬೇಡ. ಅಕ್ಕಾರನ್ನೂ ಒಂದು ಮಾತು ಕೇಳಿದೆ.

"ನಾ ಮೊಬೈಲ್ ನೋಡೂದ ತಾಸಿಗೊಮ್ಮೆ, ತಮ್ಮಾ. ಕೈಯಾಗ ಹಿಟ್ಟಿರತೈತಿ."

ಅಂದೇ ವೆಬ್‌ಸಾಕೆಟ್ ಕಿತ್ತು ಹಾಕಿದೆ. ಆ್ಯಪ್ ಈಗ 15 ಸೆಕೆಂಡಿಗೊಮ್ಮೆ ಕೇಳುತ್ತದೆ. ಅಕ್ಕಾರು ನನ್ನ ಬಾಕಿಯನ್ನು ದಿನಕ್ಕೊಮ್ಮೆ ಕೇಳುತ್ತಾರೆ. ಅದೀಗ ಮೂರು ತಿಂಗಳದ್ದು, ನನ್ನ ಕಡೆಯಿಂದ ಹೋಗುವ ಉತ್ತರ ಇನ್ನೂ `[]`.