ನಿಪ್ಪಾಣಿಗೆ ಎಷ್ಟು ಹಲ್ಲು?

ದುಬೈಯ ಖಾಸಗಿ ಶಾಲೆಗಳಲ್ಲಿ ಅರಬ್ಬಿ ಕಡ್ಡಾಯ. ಮನೆಮಾತು ಅರಬ್ಬಿ ಅಲ್ಲದ ಮಕ್ಕಳಿಗೆ ಬೇರೆ ಪುಸ್ತಕ, ಬೇರೆ ತರಗತಿ ಉಂಟು. ತಪ್ಪಿಸಿಕೊಳ್ಳುವ ದಾರಿ ಮಾತ್ರ ಇಲ್ಲ. ಹೀಗಾಗಿ ನಮ್ಮ ಮಗಳು, ಮಗ ಇಬ್ಬರೂ 28 ಅಕ್ಷರಗಳನ್ನು ಅಲಿಫ್‌ನಿಂದ ಯಾ ತನಕ ಒಂದೇ ಉಸಿರಿಗೆ ಹಾಡಿ ತೋರಿಸುತ್ತಾರೆ. ಹಾಲಿನ ಬಾಟಲಿ ಕೈಗೆ ಕೊಟ್ಟು ‘ಇದನ್ನು ಓದು’ ಎಂದರೆ ಬಾಟಲಿಯನ್ನೇ ತಿರುಗಿಸಿ ಆ ಕಡೆಯ ಇಂಗ್ಲಿಷ್ ಓದುತ್ತಾರೆ.

ಅದಕ್ಕೇ ಶನಿವಾರ ಸಂಜೆ ಐದರಿಂದ ಆರು ನಮ್ಮ ಪಡಸಾಲೆಯಲ್ಲಿ ಅರಬ್ಬಿ ಪಾಠ ಎಂದು ನಿಶ್ಚಯವಾಯಿತು. 2022ರಿಂದ ಇಲ್ಲಿ ವಾರದ ರಜೆ ಶನಿವಾರ, ಭಾನುವಾರಕ್ಕೆ ಬಂದಿದೆ. ಭಾನುವಾರ ಕನ್ನಡ ಪಾಠ, ಶನಿವಾರ ಬೆಳಿಗ್ಗೆ ಕ್ರಿಕೆಟ್. ಉಳಿದಿದ್ದೇ ಆ ಒಂದು ತಾಸು. ಕಲಿಸಲು ಒಪ್ಪಿದವರು ಭಟ್ಕಳದ ಒಬ್ಬ ಅಕ್ಕೋರು. ಮನೆಯಲ್ಲಿ ನವಾಯತಿ, ಬರೆಯುವುದಕ್ಕೆ ಉರ್ದು, ಓದಿಗೆ ಅರಬ್ಬಿ, ನಮ್ಮ ಜೊತೆ ನಮಗಿಂತ ಶುದ್ಧವಾದ ಕನ್ನಡ.

ಅಕ್ಕೋರು ಮೊದಲೇ ಒಂದು ಕಾಗದ ಕಳಿಸಿದ್ದರು. ಐದು ನಿಮಿಷ ಹಾಜರಿ, ಹದಿನೈದು ನಿಮಿಷ ಹಲ್ಲು ಮತ್ತು ಚುಕ್ಕಿ, ಇಪ್ಪತ್ತು ನಿಮಿಷ ಊರ ಹೆಸರು, ಹತ್ತು ನಿಮಿಷ ಚಿಲ್ಲರೆ ವ್ಯಾಪಾರ, ಹತ್ತು ನಿಮಿಷ ಓದಿ ತೋರಿಸುವುದು. ಕೆಳಗೆ ಒಂದು ಸೂಚನೆ: ‘ಹಿರಿಯರು ಒಳಗಿನ ಕೋಣೆಯಲ್ಲಿರಬೇಕು.’ ನಮ್ಮ ಕಡೆಯವರಿಗೆ ಇಂಥ ಸೂಚನೆ ಬರೆದು ಯಾರೂ ಗೆದ್ದಿಲ್ಲ. ಊರಿಂದ ಬಂದಿದ್ದ ನಮ್ಮ ಆಯಿ ಐದಕ್ಕೆ ಹತ್ತು ನಿಮಿಷ ಇರುವಾಗಲೇ ಸೋಫಾದ ನಡುವೆ ಕುಳಿತಿದ್ದಳು. ರಾಯಬಾಗದ ನನ್ನ ಷಡ್ಡಕ ತನ್ನ ಮಗನನ್ನು ಬಿಡಲು ಬಂದವನು ಚಹಾಕ್ಕೆ ನಿಂತ. ಮೇಲಿನ ಮಹಡಿಯ ಕಾಗವಾಡದವರು ಮಗಳನ್ನು ಕರೆದುಕೊಂಡು ಬಂದು ತಾವೂ ಕೂತರು.

ಹಾಜರಿ ಸಲೀಸಾಗಿ ಮುಗಿಯಿತು. ಹೆಸರು ಕೂಗಿದಾಗ ಹುಡುಗ ‘ಹಾದಿರ್’ ಅನ್ನಬೇಕು, ಹುಡುಗಿ ‘ಹಾದಿರಾ’ ಅನ್ನಬೇಕು. ‘ಹಾಜರ್ ಅನ್ನೂದಕ್ಕ ಏನ್ ಕಲೀತಾರವ್ವಾ, ನಾನೂ ಅಂತಿದ್ನಿ ಚಿಕ್ಕೋಡಿ ಸಾಳ್ಯಾಗ’ ಎಂದು ಆಯಿ ತನ್ನ ಹಾಜರಿಯನ್ನೂ ಹಾಕಿಸಿದಳು.

ಆಮೇಲೆ ಅಕ್ಕೋರು ಫಲಕದ ಮೇಲೆ ಒಂದು ಸಣ್ಣ ಗೆರೆಯನ್ನು ಮೇಲೆದ್ದ ಹಾಗೆ ಬರೆದರು. ಇದಕ್ಕೆ ಹಲ್ಲು ಎಂದು ಹೆಸರು. ಒಂಟಿಯಾಗಿ ಬರೆದಾಗ ಬಾ, ತಾ, ಥಾ ಒಂದು ಆಕಾರ, ನೂನ್ ಇನ್ನೊಂದು, ಯಾ ಮತ್ತೊಂದು. ಪದದ ಮೊದಲಿಗೆ ಅಥವಾ ನಡುವೆ ಬಂದರೆ ಐದೂ ಬಾಲ ಕಳೆದುಕೊಂಡು ಇದೇ ಒಂದು ಹಲ್ಲಾಗುತ್ತವೆ. ಗುರುತು ಹಿಡಿಯಬೇಕಾದದ್ದು ಚುಕ್ಕಿಯಿಂದ. ಕೆಳಗೆ ಒಂದು ಇದ್ದರೆ ಬಾ, ಕೆಳಗೆ ಎರಡು ಇದ್ದರೆ ಯಾ. ಮೇಲೆ ಒಂದು ಇದ್ದರೆ ನೂನ್, ಎರಡಾದರೆ ತಾ, ಮೂರಾದರೆ ಥಾ. ಮಕ್ಕಳು ಹಾಡು ಬಲ್ಲರು, ಬಾಟಲಿ ಓದಲಾರರು ಎಂಬುದರ ಗುಟ್ಟು ಇಲ್ಲಿತ್ತು: ಹಾಡಿನ ಪುಸ್ತಕದಲ್ಲಿ ಅಕ್ಷರಗಳು ಬಾಲ ಬಿಟ್ಟುಕೊಂಡು ಒಂಟಿಯಾಗಿ ನಿಂತಿರುತ್ತವೆ, ಬಾಟಲಿಯ ಮೇಲೆ ಕೈ ಕೈ ಹಿಡಿದಿರುತ್ತವೆ.

‘ನಿಪ್ಪಾಣಿ ಬರೆಯೋಣ’ ಎಂದರು ಅಕ್ಕೋರು. ನನ್ನ ಊರು, ನನಗೆ ಎದೆ ಉಬ್ಬಿತು. ಬಲದಿಂದ ಶುರುಮಾಡಿ ನೂನ್, ಯಾ, ಬಾ ಎಂದು ಸಾಲಾಗಿ ಮೂರು ಹಲ್ಲು, ಅದಕ್ಕೆ ಅಂಟಿ ನೆಟ್ಟಗೆ ನಿಂತ ಅಲಿಫ್. ಅಲಿಫ್ ತನ್ನ ಹಿಂದಿನ ಅಕ್ಷರದ ಕೈ ಹಿಡಿಯುತ್ತದೆ, ಮುಂದಿನದರ ಕೈ ಹಿಡಿಯುವುದಿಲ್ಲ. ಆದ್ದರಿಂದ ಅಲ್ಲಿ ಪದ ತುಂಡಾಗಿ ಮತ್ತೆ ಒಂದು ಹಲ್ಲು ನೂನ್, ಕೊನೆಗೆ ಬಾಲವಿರುವ ಯಾ. ಚುಕ್ಕಿಗಳನ್ನು ಎಲ್ಲ ಗೆರೆ ಮುಗಿದ ಮೇಲೆ ಇಡಬೇಕು: ಮೇಲೊಂದು, ಕೆಳಗೆರಡು, ಕೆಳಗೊಂದು, ಮೇಲೊಂದು, ಕೆಳಗೆರಡು.

ನಮ್ಮ ಮಗ ಹಲ್ಲುಗಳನ್ನೆಲ್ಲ ಚೆಂದ ಬರೆದು, ಚುಕ್ಕಿ ಇಡುವಷ್ಟರಲ್ಲಿ ಚಕ್ಕುಲಿ ಕಡೆ ನೋಡಿದ. ನಿಪ್ಪಾಣಿ ಬೋಳು ಹಲ್ಲಿನ ಸಾಲಾಗಿ ಉಳಿಯಿತು. ಅಕ್ಕೋರು ಬೈಯಲಿಲ್ಲ. ಅವನ ಕಾಗದವನ್ನು ಪಕ್ಕದ ಹುಡುಗಿಗೆ ಕೊಟ್ಟು ಓದಿಸಿದರು. ಆಕೆ ಮನಸ್ಸಿಗೆ ಬಂದ ಕಡೆ ಚುಕ್ಕಿ ಹಾಕಿಕೊಂಡು ‘ಬನ್ತಾಥಿ’ ಎಂದಳು. ತಾನು ಬರೆದದ್ದನ್ನು ತಾನೇ ಓದಿದರೆ ತಪ್ಪು ಕಾಣುವುದಿಲ್ಲ, ನೆನಪು ಓದಿಬಿಡುತ್ತದೆ; ಇನ್ನೊಬ್ಬರು ಓದಿದರೆ ಬಯಲಾಗುತ್ತದೆ. ಕೊನೆಯ ಹತ್ತು ನಿಮಿಷ ಇಟ್ಟಿದ್ದೇ ಇದಕ್ಕೆ.

ಅಷ್ಟರಲ್ಲಿ ನನ್ನ ತಕರಾರು ಶುರುವಾಯಿತು. ‘ಅಕ್ಕೋರೆ, ಇದು ನಿಬಾನಿ ಆಯ್ತಲ್ಲಾ? ಪ ಎಲ್ಲಿ, ಣ ಎಲ್ಲಿ?’

‘ಅರಬ್ಬಿಯಲ್ಲಿ ಪ ಇಲ್ಲ. ಟ, ಡ, ಣ ಇಲ್ಲ. ಚ ಇಲ್ಲ. ಪುಸ್ತಕದ ಅರಬ್ಬಿಯಲ್ಲಿ ಗ ಕೂಡ ಇಲ್ಲ.’

ಪಡಸಾಲೆಯಲ್ಲಿ ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ, ಕಾಗವಾಡ, ಅಥಣಿ ಎಂಬ ಐದೂ ತಾಲೂಕುಗಳಿಗೆ ಒಮ್ಮೆಲೇ ಅನ್ಯಾಯವಾಯಿತು. ಚಿಕ್ಕೋಡಿಯ ಚ ಹೋಗಿ ತಾ, ಶೀನ್ ಎರಡು ಸೇರಿಸಿ ಅಡ್ಜಸ್ಟ್ ಮಾಡಬೇಕು; ಡ ಹೋಗಿ ದಾಲ್. ರಾಯಬಾಗ, ಕಾಗವಾಡಗಳ ಗ ಗಂಟಲ ಆಳದಿಂದ ಹೊರಡುವ ಘೈನ್ ಆಗುತ್ತದೆ. ಅಥಣಿ ಮಾತ್ರ ಕಡಿಮೆ ಪೆಟ್ಟಿನಲ್ಲಿ ಪಾರಾಯಿತು: ಅಲಿಫ್, ಥಾ, ನೂನ್, ಯಾ. ಅಥಣಿಯವಳಾದ ನನ್ನ ಹೆಂಡತಿ ಅಡುಗೆಮನೆಯಿಂದಲೇ ‘ನಮ್ಮ ಊರಿನ ಹೆಸರು ಮೊದಲಿಂದನೂ ಸ್ವಚ್ಛ ರೀ’ ಎಂದಳು. ಕಾಗವಾಡದವರು ಸುಮ್ಮನಿರಲಿಲ್ಲ. ಅಥಣಿಯಿಂದ ಬೇರೆಯಾಗಿ ತಾಲೂಕಾದ ಊರು. ಅಥಣಿಗಿಂತ ಹೆಚ್ಚು ತುಂಡು ತಮಗೆ ಬಂದವೇ ಎಂದು ಎಣಿಸಿದರು. ಬಂದಿದ್ದವು. ಅಲಿಫ್, ದಾಲ್, ಧಾಲ್, ರಾ, ಝಾಯ್, ವಾವ್ ಈ ಆರು ಮುಂದಿನವರ ಕೈ ಹಿಡಿಯದ ಅಕ್ಷರಗಳು. ಕಾಗವಾಡದ ಆರು ಅಕ್ಷರಗಳಲ್ಲಿ ನಾಲ್ಕು ಅಂಥವೇ. ಅಥಣಿ ಎರಡು ತುಂಡು, ಕಾಗವಾಡ ನಾಲ್ಕು. ಅವರು ಸಮಾಧಾನದಿಂದ ಚಹಾ ಕುಡಿದರು.

ಆಯಿಗೆ ಸಮಾಧಾನ ಆಗಲಿಲ್ಲ. ‘ನಿಪ್ಪಾಣ್ಯಾಗ ಉರ್ದು ಬೋರ್ಡ್ ಅದಾವಲ್ಲಾ. ಅಲ್ಲಿ ಮಂದಿ ನಿಬಾನಿ ಅಂತ ಓದ್ತಾರೇನು?’

ಅಕ್ಕೋರ ಮುಖ ಅರಳಿತು. ಲಿಪಿ ಒಂದೇ ಆದರೂ ಉರ್ದುವಿನವರು ತಮಗೆ ಬೇಕಾದ ಅಕ್ಷರಗಳನ್ನು ಸೇರಿಸಿಕೊಂಡಿದ್ದಾರೆ, ಬಾ ಕೆಳಗೆ ಒಂದರ ಬದಲು ಮೂರು ಚುಕ್ಕಿ ಇಟ್ಟರೆ ಪ ಆಗುತ್ತದೆ ಎಂದು ಬರೆದು ತೋರಿಸಿದರು. ಶಾಲೆಯ ಪರೀಕ್ಷೆಯಲ್ಲಿ ಮಾತ್ರ ಒಂದೇ ಚುಕ್ಕಿ. ಎರಡು ಚುಕ್ಕಿ ಉಳಿತಾಯ ಎಂದ ನಮ್ಮ ಮಗ.

ವ್ಯಾಪಾರದ ಹತ್ತು ನಿಮಿಷಕ್ಕೆ ಅಕ್ಕೋರು ಮೇಜಿನ ಮೇಲೆ ಐವತ್ತು ಫಿಲ್ಸ್ ನಾಣ್ಯಗಳನ್ನು ಸುರುವಿದರು. ಒಬ್ಬರು ‘ಬಿಕಮ್ ಹಾದಾ’ ಎಂದು ಬೆಲೆ ಕೇಳಬೇಕು, ಇನ್ನೊಬ್ಬರು ನಾಣ್ಯ ಓದಿ ಹೇಳಬೇಕು. ಅಲ್ಲಿ ಭಾನುವಾರದ ಕನ್ನಡ ಪಾಠ ಅಡ್ಡ ಬಂತು. ಅರಬ್ಬಿಯ ಐದು ನೋಡಲು ನಮ್ಮ ೦ ಹಾಗೇ ದುಂಡಗೆ, ಅರಬ್ಬಿಯ ಸೊನ್ನೆ ಬರೀ ಒಂದು ಚುಕ್ಕಿ. ಕನ್ನಡದಲ್ಲಿ ಜಾಣೆಯಾದ ನಮ್ಮ ಮಗಳು ‘ಸೊನ್ನೆ’ ಎಂದು ಓದಿ ಚಕ್ಕುಲಿ ತಟ್ಟೆಯನ್ನು ಪುಕ್ಕಟೆ ಎತ್ತಿಕೊಂಡಳು. ಬಲದಿಂದ ಎಡಕ್ಕೆ ಓಡುವ ಲಿಪಿಯಲ್ಲೂ ಅಂಕಿಗಳನ್ನು ನಮ್ಮ ಹಾಗೆ ಎಡದಿಂದಲೇ ಬರೆಯುತ್ತಾರೆ ಎಂದು ಅಕ್ಕೋರು ತಿಳಿಸುವಷ್ಟರಲ್ಲಿ ತಟ್ಟೆ ಖಾಲಿ.

ಆರು ಹೊಡೆಯಿತು. ಐದು ಅಕ್ಷರ ಗಟ್ಟಿಯಾಗಿದ್ದವು. ಮನೆಗೆಲಸ: ಫ್ರಿಜ್ಜಿನ ಹಾಲಿನ ಬಾಟಲಿಯಲ್ಲಿ ‘ಹಲೀಬ್’ ಹುಡುಕಿ ಕೊನೆಯ ಬಾ ತೋರಿಸುವುದು, ಮಜ್ಜಿಗೆ ಬಾಟಲಿಯ ‘ಲಬನ್’ನಲ್ಲಿ ಹಲ್ಲಾದ ಬಾ, ಬಾಲವಿರುವ ನೂನ್ ಎರಡನ್ನೂ ತೋರಿಸುವುದು.

‘ಮುಂದಿನ ವಾರ ಜೀಮ್, ಹಾ, ಖಾ’ ಎಂದರು ಅಕ್ಕೋರು ಚೀಲ ಹೆಗಲಿಗೆ ಹಾಕುತ್ತ. ‘ಮೂರಕ್ಕೂ ಆಕಾರ ಒಂದೇ. ಜೀಮ್‌ಗೆ ಹೊಟ್ಟೆಯಲ್ಲಿ ಒಂದು ಚುಕ್ಕಿ, ಖಾಗೆ ತಲೆ ಮೇಲೆ ಒಂದು, ಹಾ ಅಕ್ಷರಕ್ಕೆ ಏನೂ ಇಲ್ಲ. ಪುಣ್ಯಕ್ಕೆ ನಿಮ್ಮ ಐದು ತಾಲೂಕುಗಳಲ್ಲಿ ಈ ಅಕ್ಷರ ಒಂದೂ ಬರುವುದಿಲ್ಲ. ಹಿರಿಯರು ಆರಾಮಾಗಿ ಒಳಗೆ ಕೂರಬಹುದು.’

ಆಯಿ ಜಾಗ ಬಿಟ್ಟು ಅಲುಗಲಿಲ್ಲ. ‘ಅಲ್ಲವ್ವಾ, ಬಾ ಕೆಳಗ ಮೂರು ಚುಕ್ಕಿ ಇಟ್ರ ಪ ಆಗ್ತೈತಿ ಅಂದಿ. ಹಂಗಾರ ಆ ಜೀಮ್ ಹೊಟ್ಟ್ಯಾಗ ಮೂರು ಇಟ್ರ?’

ಅಕ್ಕೋರು ಒಂದು ಕ್ಷಣ ಸುಮ್ಮನಿದ್ದು, ‘ಉರ್ದುವಿನಲ್ಲಿ ಚ ಆಗುತ್ತದೆ, ಆಯಿ’ ಎಂದರು.

‘ಅಂದ್ರ ಚಿಕ್ಕೋಡಿ ಬಂತಲ್ಲಾ. ನಾ ಇಲ್ಲೇ ಕೂಡ್ತೀನಿ.’