ಸತ್ತ ನಿಂಗಪ್ಪನ ಎಮ್ಮಿ

(ಹೆಬ್ಬಳ್ಳಿಯ ಅಗಸಿ ಕಟ್ಟೆ. ನಿವೃತ್ತ ಕನ್ನಡ ಮಾಸ್ತರರು ಚಹಾ ಕುಡಿಯುತ್ತ ಕೂತಿದ್ದಾರೆ. ನಿಂಗಪ್ಪ, ಅವನ ಹೆಂಡತಿ ಗಂಗವ್ವ ಒಂದು ಹಾಳೆ ಹಿಡಿದು ಬರುತ್ತಾರೆ.)

ನಿಂಗಪ್ಪ: ಮಾಸ್ತರ, ನಾ ಬದುಕೇನೋ ಇಲ್ಲೋ, ಒಂದೀಟು ನೋಡಿ ಹೇಳ್ರಿ.

ಮಾಸ್ತರ: ನಡಕೊಂತ ಬಂದಿ ಅಂದ್ರ ಬದುಕಿ. ಏನಾತೋ?

ನಿಂಗಪ್ಪ: ಸಿಡಿಲಿಗೆ ನಮ್ಮ ಎಮ್ಮಿ ಹೋತಲ್ರಿ, ಪರಿಹಾರಕ್ಕ ಅರ್ಜಿ ಹಾಕಿದ್ದೆ. ತಿರುಗಿ ಬಂದೈತಿ. ಕೆಂಪು ಪೆನ್ನಿಲೆ ಬರದಾರ, 'ಅರ್ಜಿದಾರರ ಮರಣ ಪ್ರಮಾಣಪತ್ರ ಲಗತ್ತಿಸಿಲ್ಲ.'

ಗಂಗವ್ವ: ಎಮ್ಮಿದು ಪೋಸ್ಟ್‌ಮಾರ್ಟಮ್ ರಿಪೋರ್ಟ್ ಕೊಟ್ಟೇವ್ರಿ. ಈಗ ಇವರದು ಕೇಳಾಕತ್ತಾರ.

ಮಾಸ್ತರ: (ಚಾಳೀಸು ಏರಿಸಿ) 'ಸಿಡಿಲು ಬಡಿದು ಮೃತಪಟ್ಟ ಅರ್ಜಿದಾರನ ಎಮ್ಮೆಗೆ ಪರಿಹಾರ ಮಂಜೂರು ಮಾಡಬೇಕಾಗಿ ವಿನಂತಿ.' ಯಾರು ಬರದಾರಿದನ್ನ?

ನಿಂಗಪ್ಪ: ಅಳಿಯ. ಡಿಗ್ರಿ ಆಗೇತ್ರಿ.

ಮಾಸ್ತರ: ಮಾವನ್ನ ಒಂದ ವಾಕ್ಯದಾಗ ಮುಗಿಸ್ಯಾನ! 'ಮೃತಪಟ್ಟ' ಅನ್ನೋದು ವಿಶೇಷಣ. ಅದರ ಮುಂದ ಯಾವ ನಾಮಪದ ಸಿಗತೈತೋ ಅದಕ್ಕ ಜೋತು ಬೀಳತೈತಿ. ಇಲ್ಲೆ ಮೊದಲ ಸಿಕ್ಕಾವ ನೀನು. ಎಮ್ಮಿ ನಿನ್ನ ಆಚೆ ಕಡೆ ನಿಂತೈತಿ.

ನಿಂಗಪ್ಪ: ಓದೋರಿಗೆ ತಿಳೀಬಾರದೇನ್ರಿ?

ಮಾಸ್ತರ: ತಿಳಿಯಾಕ ಗುರುತು ಬೇಕಲ್ಲೋ. ಸಂಸ್ಕೃತದಾಗ ವಿಶೇಷಣಕ್ಕೂ ಲಿಂಗ, ವಚನ, ವಿಭಕ್ತಿ ಹತ್ತತಾವ, ದೂರ ಇದ್ರೂ ಯಾರದು ಅಂತ ಗೊತ್ತಾಗತೈತಿ. ನಮ್ಮ 'ಸತ್ತ'ಕ್ಕ ಅದ್ಯಾವುದೂ ಇಲ್ಲ. ಸತ್ತ ಗಂಡಸು, ಸತ್ತ ಹೆಂಗಸು, ಸತ್ತ ಎಮ್ಮಿ, ಎಲ್ಲಾರಿಗೂ ಒಂದ ಅಂಗಿ.

ಗಂಗವ್ವ: ಮತ್ತ ತಪ್ಪು ಹಿಡಿಯೋದು ಹೆಂಗ್ರಿ?

ಮಾಸ್ತರ: ವಿಶೇಷಣಾನ ಬಿಡಿಸಿ ಕ್ರಿಯಾಪದ ಮಾಡವ್ವಾ. 'ಅರ್ಜಿದಾರ ಸತ್ತಿದ್ದಾನೆ', 'ಎಮ್ಮೆ ಸತ್ತಿದೆ'. ಎರಡೂ ನಡೀತಾವು ಅಂದ್ರ ವಾಕ್ಯದಾಗ ಗುಂಡಿ ಐತಿ. 'ಮುರಿದ ಹೊಲದ ಬೇಲಿ' ಅಂದ್ರ ಯಾರೂ ಗುಂಡಿಗೆ ಬೀಳೂದಿಲ್ಲ, ಹೊಲ ಎಲ್ಲೆ ಮುರೀತೈತಿ?

ಗಂಗವ್ವ: ರೊಕ್ಕದಾಗೇನರ ಫರಕ್ ಆಗತೈತೇನ್ರಿ?

ಮಾಸ್ತರ: ಆಗದ ಏನವ್ವಾ! ಎಸ್‌ಡಿಆರ್‌ಎಫ್ ದರದಾಗ ಹೈನದ ಎಮ್ಮಿ ಸತ್ತರ 37,500 ರೂಪಾಯಿ, ಮನುಷ್ಯಾ ಸತ್ತರ 4 ಲಕ್ಷ.

ಗಂಗವ್ವ: (ಗಂಡನನ್ನು ಮೇಲಿಂದ ಕೆಳಗಿನವರೆಗೆ ನೋಡಿ) ತಿದ್ದಬ್ಯಾಡ್ರಿ ಮಾಸ್ತರ. ಹಂಗ ಇರಲಿ.

ನಿಂಗಪ್ಪ: ಏ!

ಮಾಸ್ತರ: ತಡೀರಿ, ಮುಂದ ಇನ್ನೂ ಚಂದ ಐತಿ. 'ಮಳೆಗೆ ಅಂಜಿ ಹುಣಸೆ ಮರದ ಕೆಳಗೆ ನಿಂತು ಸಿಡಿಲು ಬಡಿದಿರುತ್ತದೆ.' ಪಾಪ, ಸಿಡಿಲು ಮಳಿಗೆ ಅಂಜಿ ಮರದ ಬುಡಕ್ಕ ನಿಂತಿತ್ತಂತ!

ನಿಂಗಪ್ಪ: ನಿಂತಿದ್ದು ಎಮ್ಮಿರೀ.

ಮಾಸ್ತರ: ಎಮ್ಮಿ ಈ ವಾಕ್ಯದಾಗ ಎಲ್ಲೈತಿ ತೋರಿಸು. 'ನಿಂತು', 'ಹೋಗಿ', 'ನೋಡುತ್ತ', ಇಂಥಾವಕ್ಕ ತಮ್ಮದೊಂದು ಕರ್ತೃ ಇಲ್ಲಂದ್ರ ಮುಂದಿನ ಕ್ರಿಯಾಪದದ ಕರ್ತೃನ್ನ ಹಿಡಕೊಂತಾವ. ಇಲ್ಲೆ ಕೈಗೆ ಸಿಕ್ಕಿದ್ದು ಸಿಡಿಲು.

ನಿಂಗಪ್ಪ: (ಯೋಚಿಸಿ) ಹಂಗಾದ್ರ 'ಸಿಡಿಲು ಬಡಿದು ಎಮ್ಮಿ ಸತ್ತಿತು' ಅಂದ್ರ, ಬಡದದ್ದೂ ಎಮ್ಮೀನ?

ಮಾಸ್ತರ: ಭೇಷ್! ನಿನ್ನ ಅಳಿಯಗ ಈ ಪ್ರಶ್ನೆ ಹೊಳೀಬೇಕಿತ್ತು. ಅಲ್ಲೆ 'ಬಡಿದು'ಗೆ ತನ್ನ ಕರ್ತೃ ಸಿಡಿಲು ಬಾಜೂಕ ಐತಿ, ಒಂದರಿಂದ ಇನ್ನೊಂದು ಆಗೇತಿ. 'ಮಳೆ ಬಂದು ಬೆಳೆ ಕೊಚ್ಚಿಹೋಯಿತು' ಅಂದಂಗ. ಅದು ಸರಿ. 'ನಿಂತು' ಮಾತ್ರ ತಬ್ಬಲಿ. ಅದನ್ನ 'ನಿಂತಿದ್ದಾಗ' ಮಾಡಿ, ಎಮ್ಮೀನ ತಂದು ಅದರ ಹತ್ತಿರ ಕಟ್ಟಬೇಕು. ಬರಕೋ: 'ನನ್ನ ಎಮ್ಮೆ ಹುಣಸೆ ಮರದ ಕೆಳಗೆ ನಿಂತಿದ್ದಾಗ ಸಿಡಿಲು ಬಡಿದು ಸತ್ತಿದೆ. ಅದಕ್ಕೆ ಪರಿಹಾರ ಮಂಜೂರು ಮಾಡಬೇಕು.' ಎರಡು ವಾಕ್ಯ ಆದ್ರ ಯಾರೂ ದಂಡ ಹಾಕೂದಿಲ್ಲ. 'ಸತ್ತಿದೆ' ಅಂದಕೂಡಲೇ ನೀ ಪಾರಾದಿ.

ಗಂಗವ್ವ: ಕಡೇ ಸಾಲು ಒಂದು ಉಳೀತ್ರಿ.

ಮಾಸ್ತರ: 'ದಿನಾಲು 3 ಲೀಟರ್ ಹಾಲು ಕೊಡುತ್ತಿದ್ದ ಅರ್ಜಿದಾರನ ಎಮ್ಮೆಯು ಧಾರವಾಡಿ ತಳಿಯದಾಗಿರುತ್ತದೆ.' (ಚಾಳೀಸು ತೆಗೆದು ನಿಂಗಪ್ಪನನ್ನು ನೋಡುತ್ತಾರೆ.)

ನಿಂಗಪ್ಪ: ಇದಕ್ಕ ಕೆಂಪು ಗೆರಿ ಹಾಕಿಲ್ಲಲ್ರಿ ಅವರು!

ಗಂಗವ್ವ: ಹಾಕೂದು ಹೆಂಗ? ಡೇರಿಗೆ ದಿನಾ ಹೋಗಿ ಹಾಲು ಕೊಡತಿದ್ದವರು ನೀವ ಅಲ್ಲೇನು?