ಪಕ್ಕದವರಿಗೆ ಇರುವುದೆಲ್ಲ ನನಗೂ ಕೊಡಿ

ಬೆಂಗಳೂರಿನ ಹೊರವರ್ತುಲ ರಸ್ತೆಯ ಯಾವ ಗಾಜಿನ ಕಟ್ಟಡಕ್ಕೆ ಬೇಕಾದರೂ ಸೋಮವಾರ ಬೆಳಿಗ್ಗೆ ಹೋಗಿ ನೋಡಿ. ಕೊರಳಲ್ಲಿ ಹೊಸ ಟ್ಯಾಗು, ಎದುರಿಗೆ ಕಂಪನಿಯ ಹೆಸರಿರುವ ಕಾಫಿ ಮಗ್ಗು ಇಟ್ಟುಕೊಂಡು ಹೊಸ ನೌಕರರೊಬ್ಬರು ಕೂತಿರುತ್ತಾರೆ. ಮಗ್ಗು ಬಂದಿದೆ, ಲ್ಯಾಪ್‌ಟಾಪ್ ಬಂದಿಲ್ಲ. ‘ನಮ್ಮ ಕುಟುಂಬಕ್ಕೆ ಸ್ವಾಗತ’ ಎಂಬ ಎಚ್‌ಆರ್ ಮೇಲ್ ಕೂಡ ಬಂದಿದೆ. ಆದರೆ ಅದು ಬಂದಿರುವುದು ಲ್ಯಾಪ್‌ಟಾಪ್ ಇಲ್ಲದೆ ತೆರೆಯಲಾಗದ ಆಫೀಸ್ ಇನ್‌ಬಾಕ್ಸಿಗೆ.

ಲ್ಯಾಪ್‌ಟಾಪ್ ಬೇಕೆಂದರೆ ಟಿಕೆಟ್ ಹಾಕಬೇಕು. ಟಿಕೆಟ್ ಹಾಕುವ ಪೋರ್ಟಲ್ ಕಂಪನಿಯ ನೆಟ್‌ವರ್ಕಿನ ಒಳಗಷ್ಟೇ ತೆರೆಯುತ್ತದೆ. ಒಳಗೆ ಹೋಗಲು ಪಾಸ್‌ವರ್ಡ್ ಬೇಕು. ತಾತ್ಕಾಲಿಕ ಪಾಸ್‌ವರ್ಡನ್ನು ಮ್ಯಾನೇಜರ್‌ಗೆ ಕಳಿಸಿದ್ದಾರೆ, ಮ್ಯಾನೇಜರ್ ರಜೆಯಲ್ಲಿದ್ದಾರೆ, ಅವರು ಹಿಂತಿರುಗುವ ಹೊತ್ತಿಗೆ ಪಾಸ್‌ವರ್ಡಿನ ಆಯುಸ್ಸು ಮುಗಿದಿರುತ್ತದೆ. ಇಷ್ಟೊಂದು ಬಿಗಿ ಬಂದೋಬಸ್ತನ್ನು ಕಳ್ಳನಿಗೂ ಭೇದಿಸಲಾಗದು, ಸಂಬಳ ಪಡೆಯುವ ನೌಕರನಿಗೂ ಭೇದಿಸಲಾಗದು.

ಹೆಸರಿನ ತಾಪತ್ರಯ ಬೇರೆ. ಎಚ್‌ಆರ್ ತಂತ್ರಾಂಶದಲ್ಲಿ ‘ಕೊನೆಯ ಹೆಸರು’ ಕಡ್ಡಾಯ. ನಮ್ಮಲ್ಲಿ ಎಷ್ಟೋ ಜನರಿಗೆ ಇರುವುದು ಊರಿನದೊಂದು, ಅಪ್ಪನದೊಂದು ಇನಿಶಿಯಲ್ಲು, ಆಮೇಲೆ ತಮ್ಮದೊಂದು ಹೆಸರು, ಅಷ್ಟೆ. ಹಾಗಾಗಿ ಆಧಾರಿನಲ್ಲಿ ಒಂದು, ಆಫರ್ ಲೆಟರಿನಲ್ಲಿ ಇನ್ನೊಂದು, ಲಾಗಿನ್ನಿನಲ್ಲಿ ಮತ್ತೊಂದು ಹೆಸರು ಹುಟ್ಟುತ್ತದೆ. ವಿಂಡೋಸ್ ಡೊಮೇನಿನ ಹಳೆಯ ಮಾದರಿಯ ಲಾಗಿನ್ ಹೆಸರಿಗೆ 20 ಅಕ್ಷರಗಳ ಮಿತಿ ಇದೆ, ಅದು ಚುಕ್ಕೆಯಲ್ಲಿ ಕೊನೆಯಾಗುವಂತಿಲ್ಲ. ಲಕ್ಷ್ಮೀನರಸಿಂಹಯ್ಯ ಎಂಬ ಹೆಸರಿಗೆ `lakshminarasimhaiah` ಎಂದು 19 ಅಕ್ಷರ ಆಗುತ್ತದೆ. ಚುಕ್ಕೆ ಇಟ್ಟು ಇನಿಶಿಯಲ್ ಸೇರಿಸಿದರೆ 21. ಒಂದಕ್ಷರ ಕತ್ತರಿಸಿದರೆ ಕೊನೆಗೆ ಚುಕ್ಕೆಯೇ ಉಳಿಯುತ್ತದೆ. ಅಪ್ಪನ ಹೆಸರನ್ನು ಬಿಟ್ಟುಕೊಟ್ಟ ಮೇಲೆಯೇ ಅಯ್ಯನವರಿಗೆ ಒಳಗೆ ಪ್ರವೇಶ.

ಅಂತೂ ಲ್ಯಾಪ್‌ಟಾಪ್ ಬಂತು, ಮೇಲ್ ತೆರೆಯಿತು ಅನ್ನಿ. ಹೊಸಬರು ಐಟಿ ವಿಭಾಗಕ್ಕೆ ತಮ್ಮ ಮೊದಲ ಪತ್ರ ಬರೆಯುತ್ತಾರೆ: ‘ಸರ್, ನಾನು ಹೊಸದಾಗಿ ಸೇರಿದ್ದೇನೆ. ಎಲ್ಲ ಅಗತ್ಯ ಆಕ್ಸೆಸ್, ದೊಡ್ಡ ಮಾನಿಟರ್ ಮತ್ತು ಸಾಫ್ಟ್‌ವೇರ್ ಕೊಡಿ. ನನ್ನ ಪಕ್ಕದಲ್ಲಿ ಕೂರುವ ಸೀನಿಯರ್ ಮೇಡಂಗೆ ಇರುವುದೆಲ್ಲ ನನಗೂ ಕೊಟ್ಟರೆ ಸಾಕು. ತುಂಬಾ ಅರ್ಜೆಂಟ್.’ ಇಷ್ಟು ವಿನಯದಿಂದ ಇಷ್ಟು ಅನಾಹುತ ಕೇಳಿದ ಇನ್ನೊಂದು ಪತ್ರ ಸಿಗುವುದು ಕಷ್ಟ.

ಆ ಮೇಡಂ ಕಂಪನಿಗೆ ಸೇರಿ ವರ್ಷಗಳೇ ಆಗಿವೆ. ಮೊದಲು ಖರೀದಿ ವಿಭಾಗದಲ್ಲಿದ್ದಾಗ ಹೊಸ ಸರಬರಾಜುದಾರರ ಹೆಸರು ಸೇರಿಸುವ ಅಧಿಕಾರ ಸಿಕ್ಕಿತು. ಆಮೇಲೆ ಅಕೌಂಟ್ಸಿಗೆ ಬಂದರು, ಬಿಲ್ ಪಾವತಿಗೆ ಒಪ್ಪಿಗೆ ಕೊಡುವ ಅಧಿಕಾರ ಸೇರಿತು. ಈಗ ಅವರು ವರದಿ ತಯಾರಿಸುವ ತಂಡದಲ್ಲಿದ್ದಾರೆ. ಹಳೆಯದನ್ನು ಯಾರೂ ತೆಗೆಯಲಿಲ್ಲ, ತೆಗೆಯಿರಿ ಎಂದು ಅವರೂ ಕೇಳಲಿಲ್ಲ. ವರದಿ ಓದಲು ಬಂದ ಹೊಸಬರಿಗೆ ಈ ಗಂಟನ್ನು ಹಾಗೇ ನಕಲು ಮಾಡಿಕೊಟ್ಟರೆ, ಸೇರಿದ ವಾರವೇ ಒಬ್ಬ ಸರಬರಾಜುದಾರನನ್ನು ತಾವೇ ಸೃಷ್ಟಿಸಿ, ಅವನಿಗೆ ತಾವೇ ಹಣ ಮಂಜೂರು ಮಾಡಬಹುದು. ಈ ಎರಡು ಅಧಿಕಾರ ಒಂದೇ ಕೈಯಲ್ಲಿ ಇರಬಾರದು ಎಂಬುದು ಲೆಕ್ಕಪರಿಶೋಧಕರ ಮೊದಲ ಪಾಠ. ನಮ್ಮಲ್ಲಿ ಅದು ‘ಪಕ್ಕದವರಂತೆ’ ಎಂಬ ಒಂದೇ ಪದದಲ್ಲಿ ಮಂಜೂರಾಗುತ್ತದೆ.

ಹಾಗೆಂದು ಐಟಿಯವರನ್ನು ಹುತಾತ್ಮರೆಂದು ಭಾವಿಸಬೇಕಿಲ್ಲ. ಅವರ ಎದುರು ಗಡುವಿನ ಗಡಿಯಾರ ಓಡುತ್ತಿರುತ್ತದೆ. ಇಂತಿಷ್ಟು ಗಂಟೆಯಲ್ಲಿ ಟಿಕೆಟ್ ಮುಗಿಸದಿದ್ದರೆ ತಿಂಗಳ ವರದಿಯಲ್ಲಿ ಕೆಂಪು ಬಣ್ಣ. ಗಡಿಯಾರ ನಿಲ್ಲಿಸಲು ಸುಲಭ ಉಪಾಯವಿದೆ. ‘ಯಾವ ಆಕ್ಸೆಸ್?’ ಎಂದು ಎರಡು ಪದ ಕೇಳಿ, ಟಿಕೆಟ್ಟನ್ನು `On Hold` ಮಾಡಿ, ಕಾರಣದ ಜಾಗದಲ್ಲಿ `Awaiting Caller` ಎಂದು ಆರಿಸಿದರೆ ಆಯಿತು. ಈಗ ತಡವಾಗುತ್ತಿರುವುದು ನಿಮ್ಮಿಂದ. ಶುಕ್ರವಾರ ಸಂಜೆ ಈ ಪ್ರಶ್ನೆ ಬಂದು, ನೀವು ಸೋಮವಾರ ನೋಡಿದರೆ, ಟಿಕೆಟ್ `Resolved` ಆಗಿರುತ್ತದೆ. ಕೆಳಗೆ ‘ನಮ್ಮ ಸೇವೆ ಹೇಗಿತ್ತು?’ ಎಂದು ಐದು ನಕ್ಷತ್ರ ಕಾದಿರುತ್ತವೆ.

ಕಾದು ಬೇಸತ್ತ ಹೊಸಬರು ಸಾಫ್ಟ್‌ವೇರನ್ನು ತಾವೇ ಇಳಿಸಿಕೊಳ್ಳುತ್ತಾರೆ. ಪುಕ್ಕಟೆ ಸಿಗುವುದಕ್ಕೆ ಅನುಮತಿ ಏಕೆ ಎಂಬ ತರ್ಕ. ಡಾಕರ್ ಡೆಸ್ಕ್‌ಟಾಪ್ ಅನ್ನೇ ನೋಡಿ, ಕಾಲೇಜಿನಲ್ಲಿ ಎಲ್ಲರೂ ಅದನ್ನು ಉಚಿತವಾಗಿ ಬಳಸಿದವರೇ. ಆದರೆ 2021ರಲ್ಲಿ ನಿಯಮ ಬದಲಾಯಿತು. ನೌಕರರ ಸಂಖ್ಯೆ 250ಕ್ಕಿಂತ ಕಡಿಮೆ ಇದ್ದು, ವರ್ಷದ ಆದಾಯ ಒಂದು ಕೋಟಿ ಡಾಲರ್‌ಗಿಂತಲೂ ಕಡಿಮೆ ಇರುವ ಕಂಪನಿಗೆ ಮಾತ್ರ ಅದು ಉಚಿತ. ದೊಡ್ಡ ಕಂಪನಿಯ ಲ್ಯಾಪ್‌ಟಾಪಿನಲ್ಲಿ ಹಾಕಿಕೊಂಡ ಕ್ಷಣದಿಂದ ಕಂಪನಿ ಬಾಕಿದಾರ. ಒರಾಕಲ್ ಜಾವಾ ಇನ್ನೂ ಉದಾರಿ. 2023ರ ಜನವರಿಯಲ್ಲಿ ಬಂದ ಅದರ ಚಂದಾ ಪದ್ಧತಿ ಲೆಕ್ಕ ಹಾಕುವುದು ಜಾವಾ ಬಳಸುವವರ ತಲೆಯನ್ನಲ್ಲ, ಕಂಪನಿಯ ಒಟ್ಟು ತಲೆಗಳನ್ನು. ಜಾವಾ ಎಂದರೆ ಕಾಫಿಯೇ ಎಂದು ಕೇಳುವವರ ಹೆಸರಿಗೂ ಶುಲ್ಕ ಬೀಳುತ್ತದೆ. ಅದೇ ಕೆಲಸಕ್ಕೆ ಉಚಿತ ಓಪನ್‌ಜೆಡಿಕೆ ಇದೆ ಎಂದು ಹೇಳಬೇಕಾದವರು ಟಿಕೆಟ್ಟನ್ನು ಹೋಲ್ಡಿನಲ್ಲಿಟ್ಟು ಊಟಕ್ಕೆ ಹೋಗಿರುತ್ತಾರೆ. ಇತ್ತ ಹಣ ಕೊಟ್ಟು ಕೊಂಡ ಲೈಸೆನ್ಸುಗಳು ಒಮ್ಮೆ ತೆರೆದು ಮರೆತವರ ಹೆಸರಿನಲ್ಲಿ ನಿದ್ರಿಸುತ್ತಿರುತ್ತವೆ, ಹೊಸಬರಿಗೆ ‘ಸೀಟ್ ಖಾಲಿ ಇಲ್ಲ’ ಎಂಬ ಉತ್ತರ.

ಕೆಲಸ ಆಗಲೇಬೇಕು ಎಂಬ ಹಟವಿದ್ದವರು ಪತ್ರವನ್ನು ಬೇರೆ ಥರ ಬರೆಯುತ್ತಾರೆ. ಆಕ್ಸೆಸ್ಸಿಗೊಂದು, ಉಪಕರಣಕ್ಕೊಂದು, ಲೈಸೆನ್ಸಿಗೊಂದು ಟಿಕೆಟ್, ಏಕೆಂದರೆ ಈ ಮೂರೂ ಮೂರು ತಂಡಗಳ ಬಾಗಿಲು. ಮೊದಲನೆಯದು ಹೀಗಿರುತ್ತದೆ: ‘ನನ್ನ ಉದ್ಯೋಗಿ ಸಂಖ್ಯೆ ಇದು, ಲ್ಯಾಪ್‌ಟಾಪಿನ ಮೇಲೆ ಅಂಟಿಸಿರುವ ಅಸೆಟ್ ಟ್ಯಾಗ್ ಸಂಖ್ಯೆ ಇದು. ಮಾರಾಟ ವರದಿಯ ಡೇಟಾಬೇಸನ್ನು ಓದಲು ಮಾತ್ರ ಅನುಮತಿ ಬೇಕು, ರೋಲ್ `db_datareader`. ಅಸಲಿ ಡೇಟಾ ಬೇಡ, ಟೆಸ್ಟ್ ಸರ್ವರಿನದು ಸಾಕು. ತಿಂಗಳ ವರದಿಯ ನಮೂನೆ ತಯಾರಿಸಿ ಪರೀಕ್ಷಿಸಲು, ಈ ವರ್ಷದ ಮಾರ್ಚ್ 31ರವರೆಗೆ. ಮ್ಯಾನೇಜರ್ ಒಪ್ಪಿಗೆ ಜೊತೆಗಿದೆ.’ ಇದಕ್ಕೆ ‘ಯಾವ ಆಕ್ಸೆಸ್?’ ಎಂದು ಮರುಪ್ರಶ್ನೆ ಕೇಳಲು ದಾರಿಯೇ ಇಲ್ಲ. ಕೇಳಿದರೆ ಓದಿಲ್ಲ ಎಂದು ಅವರೇ ಬರೆದುಕೊಟ್ಟಂತೆ.

ಆ ಪತ್ರದಲ್ಲಿ ಐಟಿಯವರು ನಂಬಲಾಗದೆ ಎರಡು ಬಾರಿ ಓದುವ ಸಾಲು ಕೊನೆಯ ದಿನಾಂಕದ್ದು. ಯಾಕೆಂದರೆ ಕೇಳುವವರು ಸಾವಿರ, ‘ನನ್ನದು ಮುಗಿಯಿತು, ವಾಪಸ್ ತೆಗೆದುಕೊಳ್ಳಿ’ ಎನ್ನುವವರು ಇಲ್ಲ. ಹೊಸಬರು ಬಾಗಿಲಲ್ಲಿ ಕಾಯುತ್ತಿರುವಾಗ, ಅವರ ಕುರ್ಚಿಯಲ್ಲಿ ಹಿಂದೆ ಕೂತಿದ್ದು ಬೇರೆ ಕಂಪನಿ ಸೇರಿದವರ ಖಾತೆ ಎಷ್ಟೋ ಕಡೆ ಇನ್ನೂ ಜೀವಂತವಾಗಿರುತ್ತದೆ. ಎಚ್‌ಆರ್ ರಾಜೀನಾಮೆ ಸ್ವೀಕರಿಸಿತು, ಕೇಕ್ ಕತ್ತರಿಸಿತು, ಐಟಿಗೆ ಹೇಳುವುದನ್ನು ಮರೆಯಿತು.

ಆದ್ದರಿಂದ ಹೊಸ ಕೆಲಸಕ್ಕೆ ಸೇರುವವರಲ್ಲಿ ಒಂದು ವಿನಂತಿ. ಪಕ್ಕದವರಿಗೆ ಏನಿದೆ ಎಂದು ನೋಡಬೇಡಿ, ನಿಮ್ಮ ಕೆಲಸಕ್ಕೆ ಏನು ಬೇಕೋ ಅದನ್ನು ಹೆಸರಿಟ್ಟು, ಗಡುವಿಟ್ಟು ಕೇಳಿ. ಮತ್ತೆ ಮ್ಯಾನೇಜರ್ ಮಹಾಶಯರೇ, ಆಫರ್ ಲೆಟರ್ ಕಳಿಸಿದ ದಿನವೇ ಟಿಕೆಟ್ ಹಾಕಿ. ನಿಮ್ಮ ನೌಕರ ಸೇರುವ ತಾರೀಖು ನಿಮಗೆ ಗೊತ್ತಿಲ್ಲದ ವಿಷಯವೇನಲ್ಲ.